ಹಿಂದಿನವರಿಗೆ ಬಂದ ನಮಸ್ಕಾರ

ಎದುರಿನಿಂದ ಬರುವ ಪರಿಚಿತರೊಬ್ಬರು ನಗುಮುಖದಿಂದ ಕೈಜೋಡಿಸುತ್ತಾರೆ. ನಾವು ಒಡನೆಯೇ ಕೈಜೋಡಿಸಿ ತಲೆಬಾಗುತ್ತೇವೆ. ಮರುಕ್ಷಣದಲ್ಲಿ ಅವರ ದೃಷ್ಟಿಯು ನಮ್ಮ ಹೆಗಲಿನ ಮೇಲಿಂದ ಹಾದು ಹಿಂದಕ್ಕೆ ಹೋಗುತ್ತಿರುವುದು ಕಾಣುತ್ತದೆ. ಬೆನ್ನ ಹಿಂದಿನಿಂದ ಮತ್ತೊಬ್ಬರ ಧ್ವನಿಯು ಆ ನಮಸ್ಕಾರಕ್ಕೆ ಉತ್ತರವನ್ನು ಕೊಡುತ್ತದೆ. ನಮಸ್ಕಾರವು ಬಂದದ್ದು ಅವರಿಗೆ. ಪ್ರತಿನಮಸ್ಕಾರವನ್ನು ಮಾಡಿದವರು ನಾವು. ಜೋಡಿಸಿದ ಕೈಗಳು ಇನ್ನೂ ಎದೆಯ ಮುಂದೆಯೇ ಇವೆ. ಅವುಗಳನ್ನು ಈಗ ಏನು ಮಾಡತಕ್ಕದ್ದು?

ಈ ಪ್ರಶ್ನೆಗೆ ಬಹುಮಂದಿ ತಮ್ಮ ಸ್ವಭಾವವು ಆ ಕ್ಷಣದಲ್ಲಿ ಸೂಚಿಸಿದ ಉತ್ತರವನ್ನೇ ಕೊಟ್ಟುಕೊಳ್ಳುವರು. ಆದರೆ ಇಲ್ಲಿ ನಡೆದದ್ದು ಅಪರಾಧವೋ ಕೇವಲ ಪ್ರಮಾದವೋ, ಪ್ರಮಾದವಾದರೆ ಅದು ಎಷ್ಟು ಅಂಶದಲ್ಲಿ ಎಂಬುದನ್ನು ಮೊದಲು ನಿರ್ಣಯಿಸಿಕೊಳ್ಳದೆ ಮುಂದಿನ ನಡತೆಯು ಸರಿಯಾಗಿ ತೋರಲಾರದು. ಅಪರಾಧವೆಂದು ಬಗೆದವನು ಅದನ್ನು ಮುಚ್ಚಿಡಲು ಹವಣಿಸುವನು. ಅಪಮಾನವೆಂದು ಬಗೆದವನು ಮುನಿಯುವನು. ಎರಡೂ ಅಲ್ಲವೆಂದು ಕಂಡವನಿಗೆ ಮಾತ್ರ ಸಹಜವಾದ ದಾರಿಯು ತೆರೆಯುವುದು.

ನಮ್ಮ ಪೂರ್ವಿಕರ ಅಭಿವಾದನಪದ್ಧತಿಯಲ್ಲಿ ಇಂತಹ ಪ್ರಮಾದಕ್ಕೆ ಎಡೆಯೇ ಇರಲಿಲ್ಲವೆಂಬುದನ್ನು ಇಲ್ಲಿ ಗಮನಿಸಬಹುದು. ಮನುಸ್ಮೃತಿಯ ಎರಡನೆಯ ಅಧ್ಯಾಯದಲ್ಲಿ ಹೇಳಿರುವಂತೆ, ಕಿರಿಯನಾದವನು ಹಿರಿಯರ ಬಳಿಗೆ ಹೋಗಿ, ಇಂಥ ಹೆಸರಿನವನಾದ ನಾನು ಅಭಿವಾದನವನ್ನು ಮಾಡುತ್ತೇನೆಂದು ತನ್ನ ಹೆಸರನ್ನು ಹೇಳಿಕೊಳ್ಳಬೇಕು. ಹಿರಿಯರು ಅವನ ಹೆಸರನ್ನೇ ಹಿಡಿದು ದೀರ್ಘಾಯುಷ್ಯವನ್ನು ಹರಸಬೇಕು. ಆ ಹೆಸರಿನ ಕೊನೆಯ ಸ್ವರವನ್ನು ಮೂರು ಮಾತ್ರೆಗಳಷ್ಟು ಎಳೆದು ಉಚ್ಚರಿಸಬೇಕೆಂದು ಪಾಣಿನಿಯು ಎಂಟನೆಯ ಅಧ್ಯಾಯದಲ್ಲಿ ಸೂತ್ರವನ್ನೇ ಮಾಡಿದ್ದಾನೆ. ಪತಂಜಲಿಯು ವ್ಯಾಕರಣವನ್ನು ಏತಕ್ಕಾಗಿ ಓದಬೇಕೆಂಬುದನ್ನು ವಿವರಿಸುವಾಗ, ಈ ಪ್ಲುತವನ್ನು ಅರಿಯದವರು ವಂದಿಸುವವರಿಂದ ಸಂಪೂರ್ಣವಾದ ವಿಧಿಯನ್ನು ಪಡೆಯಲಾರರೆಂಬುದನ್ನೂ ಒಂದು ಪ್ರಯೋಜನವಾಗಿ ಎಣಿಸಿದ್ದಾನೆ. ಹೀಗೆ ಹೋಗುವಾಗಲೂ ಹೆಸರು, ಬರುವಾಗಲೂ ಹೆಸರು. ಮೇಲ್ವಿಳಾಸವನ್ನು ಸ್ಪಷ್ಟವಾಗಿ ಬರೆದ ಕಾಗದವು ನೆರೆಮನೆಗೆ ಹೋಗದಿರುವಂತೆ, ಈ ಅಭಿವಾದನವು ದಾರಿ ತಪ್ಪುತ್ತಿರಲಿಲ್ಲ.

ಆದರೆ ಆ ಪದ್ಧತಿಯ ಸೊಬಗನ್ನು ಹೇಳುವವನು ಅದರ ಕೊರತೆಯನ್ನೂ ಹೇಳಬೇಕಾದದ್ದು ನ್ಯಾಯ. ಆ ಪ್ಲುತೋಚ್ಚಾರಣೆಯು ಶೂದ್ರರಿಗೆ ಸಲ್ಲದೆಂದು ಸೂತ್ರವೇ ಹೇಳುತ್ತದೆ. ಸ್ತ್ರೀಯರಿಗೂ ಸಲ್ಲದೆಂದು ವಾರ್ತಿಕವು ಸೇರಿಸುತ್ತದೆ. ದಾರಿ ತಪ್ಪದಂತಹ ನಮಸ್ಕಾರವು ದೊರೆಯುತ್ತಿದ್ದುದು ಕೆಲವರಿಗೆ ಮಾತ್ರ. ಇಂದು ನಾವು ಆಡುವ ನಮಸ್ಕಾರದಲ್ಲಿ ಹೆಸರಿಲ್ಲ, ಪ್ಲುತವಿಲ್ಲ, ಕುಲವಿಚಾರವಿಲ್ಲ. ಇಪ್ಪತ್ತು ಮೂವತ್ತು ಅಡಿಗಳ ದೂರದಿಂದ ಕೈಯೆತ್ತಿದರೆ ಸಾಕು. ಅದು ಯಾರಿಗೆ ಬೇಕಾದರೂ ಸಲ್ಲುವುದು. ಯಾರಿಗೆ ಬೇಕಾದರೂ ಸಲ್ಲುವುದಾದ್ದರಿಂದಲೇ ಯಾರಿಗೆ ಸಂದಿತೆಂಬುದು ಕೆಲವು ವೇಳೆ ಸಂದಿಗ್ಧವಾಗುವುದು. ನಮಸ್ಕಾರವು ಎಲ್ಲರದೂ ಆದುದಕ್ಕೆ ನಾವು ತೆರುವ ಸಣ್ಣದೊಂದು ಸುಂಕವಿದು. ಅದನ್ನು ತೆರುವುದರಲ್ಲಿ ನಷ್ಟವೇನೂ ಇಲ್ಲ.

ಇನ್ನು ಈ ಪ್ರಮಾದದ ಸ್ವರೂಪವನ್ನು ನೋಡೋಣ. ಮರಳಿನಲ್ಲಿ ಬಿದ್ದಿರುವ ಕಪ್ಪೆಚಿಪ್ಪನ್ನು ಬೆಳ್ಳಿಯೆಂದು ತಿಳಿಯುವುದು ತರ್ಕಶಾಸ್ತ್ರದಲ್ಲಿ ಪ್ರಸಿದ್ಧವಾದ ಭ್ರಮೆಯ ಉದಾಹರಣೆ. ಅಲ್ಲಿಯೂ ಜ್ಞಾನವೆಲ್ಲವೂ ಸುಳ್ಳಲ್ಲ. ಮುಂದೆ ಹೊಳೆಯುವ ವಸ್ತುವೊಂದು ಇದೆಯೆಂಬ ಅಂಶವು ನಿಜ. ಅದು ಬೆಳ್ಳಿಯೆಂಬ ಅಂಶವು ಮಾತ್ರ ಸುಳ್ಳು. ನಮ್ಮ ಪ್ರಸಂಗವೂ ಹಾಗೆಯೇ. ಒಬ್ಬರು ನಮಸ್ಕಾರವನ್ನು ಮಾಡಿದರೆಂಬುದು ನಿಜ. ಅದು ಪ್ರೀತಿಯಿಂದ ಮಾಡಿದ್ದೆಂಬುದು ನಿಜ. ನಮಸ್ಕಾರಕ್ಕೆ ಪ್ರತಿನಮಸ್ಕಾರವು ಉಚಿತವೆಂಬುದೂ ನಿಜ. ‘ನನಗೆ’ ಎಂಬ ಒಂದು ಪದವಷ್ಟೇ ಸುಳ್ಳಾಯಿತು. ವೈಯಾಕರಣರ ಮಾತಿನಲ್ಲಿ ಹೇಳುವುದಾದರೆ, ತಪ್ಪಿದ್ದು ಚತುರ್ಥೀ ವಿಭಕ್ತಿಯೊಂದೇ. ದಾನಕ್ಕೆ ಪಾತ್ರನಾದವನಿಗೆ ಸಂಪ್ರದಾನವೆಂದು ಹೆಸರು. ಕೊಡುವವನು ಯಾರನ್ನು ಉದ್ದೇಶಿಸಿ ಕೊಡುವನೋ ಅವನೇ ಸಂಪ್ರದಾನವೆಂದು ಪಾಣಿನಿಯ ಅಭಿಪ್ರಾಯ. ಕೊಡುವವನ ಉದ್ದೇಶವೋ ಅವನ ಮನಸ್ಸಿನಲ್ಲಿರುವುದು. ನಮಗೆ ಕಾಣುವುದು ಅವನ ಕೈಯೂ ಕಣ್ಣೂ ಮಾತ್ರ.

ಆ ಕಣ್ಣನ್ನು ಓದುವುದಾದರೂ ಸುಲಭವಲ್ಲ. ಹತ್ತಿರದಲ್ಲಿ ನಿಂತವರು ನಮ್ಮನ್ನು ನೋಡುತ್ತಿರುವರೋ ನಮ್ಮ ಕಿವಿಯ ಪಕ್ಕದಿಂದ ಹಿಂದಕ್ಕೆ ನೋಡುತ್ತಿರುವರೋ ಎಂಬುದನ್ನು ಹೇಳಬಹುದು. ದೂರವು ಹೆಚ್ಚಿದಂತೆ, ಅಥವಾ ಬೆಳಕು ಅವರ ಬೆನ್ನ ಹಿಂದಿದ್ದರೆ, ಕಣ್ಣುಗುಡ್ಡೆಯ ಬಿಳಿ ಕಪ್ಪುಗಳೇ ಬೇರ್ಪಟ್ಟು ಕಾಣುವುದಿಲ್ಲ. ಆಗ ಮನಸ್ಸು ಏನು ಮಾಡುವುದು? ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಇಸಬೆಲ್ ಮಾರೆಷಲ್ ಎಂಬ ವಿದುಷಿಯೂ ಅವರ ಸಂಗಡಿಗರೂ ಇದನ್ನು ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದರು. ಚಿತ್ರದಲ್ಲಿನ ಮುಖದ ದೃಷ್ಟಿಯು ಎತ್ತ ಕಡೆಗಿದೆಯೆಂಬುದನ್ನು ಅಸ್ಪಷ್ಟವಾಗಿ ಮಾಡಿದಷ್ಟೂ, ನೋಡುವವರು ಅದು ತಮ್ಮ ಕಡೆಗೇ ಇದೆಯೆಂದು ಹೇಳುವುದು ಹೆಚ್ಚಾಯಿತು. ಸಂದೇಹವಿರುವೆಡೆಯಲ್ಲಿ ‘ನನ್ನನ್ನೇ ನೋಡುತ್ತಿದ್ದಾರೆ’ ಎಂದು ಊಹಿಸುವುದು ದೃಷ್ಟಿಯ ಸ್ವಭಾವವೇ ಆಗಿದೆ. ಆದಕಾರಣ ಹಿಂದಿನವರ ನಮಸ್ಕಾರಕ್ಕೆ ಕೈಮುಗಿದವನನ್ನು ಅಹಂಕಾರಿಯೆಂದು ಎಣಿಸುವುದು ತಪ್ಪು. ಅವನೇ ತನ್ನನ್ನು ಹಾಗೆ ಎಣಿಸಿಕೊಳ್ಳುವುದು ಇನ್ನೂ ತಪ್ಪು.

ಇಲ್ಲಿ ಎರಡು ಬಗೆಯ ಪ್ರಮಾದಗಳನ್ನು ತೂಗಿ ನೋಡಬೇಕು. ನಮಗೆ ಬಾರದ ನಮಸ್ಕಾರಕ್ಕೆ ಪ್ರತಿನಮಸ್ಕಾರವನ್ನು ಮಾಡುವುದು ಒಂದು. ನಮಗೆ ಬಂದ ನಮಸ್ಕಾರಕ್ಕೆ ಪ್ರತಿನಮಸ್ಕಾರವನ್ನು ಮಾಡದಿರುವುದು ಇನ್ನೊಂದು. ಮೊದಲನೆಯದರಿಂದ ನೋವಾಗುವುದಾದರೆ ಅದು ನಮಗೆ, ಅದೂ ಒಂದು ಗಳಿಗೆಯ ಮಟ್ಟಿಗೆ. ಎರಡನೆಯದರಿಂದ ನೋವಾಗುವುದು ಇನ್ನೊಬ್ಬರಿಗೆ. ಅವರು ಅದನ್ನು ಮನೆಗೆ ಹೊತ್ತುಕೊಂಡು ಹೋಗುವರು. ನಾಲ್ಕು ಸಲ ಹೀಗೆ ಪೇಚಿಗೆ ಸಿಕ್ಕಿದ ಕೆಲವರು, ಇನ್ನು ಮುಂದೆ ಹಿಂತಿರುಗಿ ನೋಡಿ ಯಾರೂ ಇಲ್ಲವೆಂಬುದನ್ನು ಖಚಿತಪಡಿಸಿಕೊಂಡ ಮೇಲೆಯೇ ಕೈಯೆತ್ತಬೇಕೆಂದು ನಿಶ್ಚಯಿಸಿಕೊಳ್ಳುವುದುಂಟು. ಇದು ಜಾಣತನವೆಂದು ತೋರಿದರೂ ಕೆಟ್ಟ ವ್ಯಾಪಾರ. ನಿಜವಾಗಿ ತಮಗೇ ನಮಸ್ಕರಿಸಿದ ಹುಡುಗನು, ಇವರು ಬೆನ್ನ ಹಿಂದೆ ಹುಡುಕುತ್ತಿರುವುದನ್ನು ಕಂಡು, ತನ್ನ ನಮಸ್ಕಾರವು ಬೇಡವಾಯಿತೆಂದು ತಿಳಿದು ಕೈಯಿಳಿಸುವನು. ತಪ್ಪಿದರೆ ಮೊದಲನೆಯ ಕಡೆಗೆ ತಪ್ಪುವುದೇ ಮೇಲು. ತಪ್ಪಿದ ಮೇಲೆ ಏನು ಮಾಡಬೇಕೆಂಬುದನ್ನು ಬಲ್ಲವನಿಗೆ ಹಾಗೆ ತಪ್ಪುವ ಧೈರ್ಯವೂ ಇರುವುದು.

ಅದನ್ನು ಒಂದು ಪ್ರಸಂಗದ ಮೂಲಕ ವಿವರಿಸುವೆನು. ಒಂದು ಮದುವೆಯ ಮಂಟಪ. ಬಾಗಿಲಿನಲ್ಲಿ ಕನ್ಯಾಪಿತೃಗಳು ನಿಂತು ಬಂದವರನ್ನು ಎದುರುಗೊಳ್ಳುತ್ತಿದ್ದಾರೆ. ಹತ್ತು ವರ್ಷಗಳ ಹಿಂದೆ ತಾಲ್ಲೂಕು ಕಚೇರಿಯಿಂದ ನಿವೃತ್ತರಾದ ಶಿರಸ್ತೇದಾರರೊಬ್ಬರು ಚಪ್ಪರದೊಳಕ್ಕೆ ಬರುತ್ತಾರೆ. ಅವರ ಹಿಂದೆ ಆರೇಳು ಹೆಜ್ಜೆಗಳ ಅಂತರದಲ್ಲಿ ಈಗಿನ ತಹಸೀಲ್ದಾರರು ಬರುತ್ತಿದ್ದಾರೆ. ಶಿರಸ್ತೇದಾರರಿಗೆ ಅದು ಗೊತ್ತಿಲ್ಲ. ಕನ್ಯಾಪಿತೃಗಳು ತಹಸೀಲ್ದಾರರನ್ನು ಕಂಡವರೇ ಮುಖವರಳಿಸಿ ಎರಡೂ ಕೈಗಳನ್ನು ಎತ್ತಿ ಮುಗಿಯುತ್ತಾರೆ. ಶಿರಸ್ತೇದಾರರೂ ಕೈಮುಗಿದು ‘ನಮಸ್ಕಾರ, ನಮಸ್ಕಾರ’ ಎನ್ನುತ್ತಾರೆ. ಆಮೇಲೆ ನಿಜಸ್ಥಿತಿಯು ತಿಳಿಯುತ್ತದೆ.

ಇಂತಹ ಸಮಯದಲ್ಲಿ ಸಾಮಾನ್ಯವಾಗಿ ಕಾಣುವ ಕೆಟ್ಟ ದಾರಿಗಳು ಮೂರು. ಮೊದಲನೆಯದು ಮರೆಮಾಚುವಿಕೆ. ಮುಗಿದ ಕೈಗಳನ್ನು ಸರಕ್ಕನೆ ಬಿಡಿಸಿ ಶಲ್ಯವನ್ನು ಸರಿಪಡಿಸಿಕೊಂಡಂತೆಯೋ ಕನ್ನಡಕವನ್ನು ಒರಸಿಕೊಂಡಂತೆಯೋ ನಟಿಸುವುದು. ಇದರಿಂದ ಯಾರೂ ಮೋಸಹೋಗುವುದಿಲ್ಲ. ಕೈಯು ಅರ್ಧದಾರಿಯಲ್ಲಿ ತಿರುಗಿದ್ದೇ ಎಲ್ಲರ ಕಣ್ಣನ್ನೂ ಸೆಳೆಯುವುದು. ಅಷ್ಟೇ ಅಲ್ಲ, ಅದುವರೆಗೆ ಪ್ರಮಾದವು ಮಾತ್ರವೇ ಇತ್ತು. ಈಗ ಅದಕ್ಕೆ ಸಣ್ಣದೊಂದು ಅಸತ್ಯವೂ ಕೂಡಿತು. ಎರಡನೆಯದು ಮುನಿಸು. ಮುಖವನ್ನು ಬಿಗಿಮಾಡಿಕೊಂಡು, ಇವರಿಗೆ ದೊಡ್ಡವರು ಮಾತ್ರ ಕಾಣುವರೆಂದುಕೊಳ್ಳುತ್ತ ಒಳಗೆ ಹೋಗಿ ಮೂಲೆಯಲ್ಲಿ ಕುಳಿತುಬಿಡುವುದು. ಕನ್ಯಾಪಿತೃಗಳು ಇವರನ್ನು ಅವಮಾನಿಸಿಲ್ಲ. ಇವರನ್ನು ಇನ್ನೂ ಕಂಡೇ ಇಲ್ಲ. ಕಾಣದಿರುವುದನ್ನು ಕಂಡು ತಿರಸ್ಕರಿಸಿದ್ದೆಂದು ಎಣಿಸುವುದು ಒಂದು ಭ್ರಮೆಯಿಂದ ಮತ್ತೊಂದು ಭ್ರಮೆಗೆ ಬೀಳುವುದೇ ಆಗಿದೆ. ಮೂರನೆಯದು ಅತಿಯಾದ ವಿವರಣೆ. ‘ಅಯ್ಯೋ, ನನಗೆ ಮಾಡಿದಿರೆಂದು ತಿಳಿದುಬಿಟ್ಟೆ, ಕ್ಷಮಿಸಬೇಕು’ ಎಂದು ನಿಂತು ಹೇಳತೊಡಗಿದರೆ, ಪಾಪ, ಆ ಗೃಹಸ್ಥರು ತಹಸೀಲ್ದಾರರನ್ನು ಎದುರುಗೊಳ್ಳುವುದನ್ನು ಬಿಟ್ಟು ಇವರನ್ನು ಸಮಾಧಾನಪಡಿಸಬೇಕಾಗುವುದು. ಇದು ವಿನಯದಂತೆ ತೋರಿದರೂ, ಫಲದಲ್ಲಿ ಮತ್ತೊಬ್ಬರ ಸಮಯವನ್ನೂ ಗಮನವನ್ನೂ ತನ್ನ ಕಡೆಗೆ ಎಳೆದುಕೊಂಡಂತಾಗುವುದು.

ಹಾಗಾದರೆ ಸರಿಯಾದ ದಾರಿ ಯಾವುದು? ಅದಕ್ಕೆ ಆಧಾರವಾದ ವಿಚಾರವು ಇಷ್ಟು: ಉತ್ತರವೆಂದು ಮಾಡಿದ ನಮಸ್ಕಾರಕ್ಕೆ ಹಿಂದೆ ಪ್ರಶ್ನೆಯೇ ಇರಲಿಲ್ಲವೆಂದು ತಿಳಿದಾಗ, ಅದು ಶೂನ್ಯವಾಗುವುದಿಲ್ಲ; ತಾನೇ ಮೊದಲ ನಮಸ್ಕಾರವಾಗುವುದು. ಶಿರಸ್ತೇದಾರರು ಪ್ರತ್ಯಭಿವಾದನವನ್ನು ಮಾಡಲಿಲ್ಲ, ಅಭಿವಾದನವನ್ನು ಮಾಡಿದರು. ಮದುವೆಯ ಮನೆಗೆ ಬಂದ ಅತಿಥಿಯು ಆತಿಥೇಯರಿಗೆ ಮೊದಲು ಕೈಮುಗಿದರೆ ಅದರಲ್ಲಿ ಹಿಂದಕ್ಕೆ ತೆಗೆದುಕೊಳ್ಳತಕ್ಕದ್ದು ಏನಿದೆ? ಬೇರೆಯವರ ಸೊತ್ತನ್ನು ಇವರು ತೆಗೆದುಕೊಳ್ಳಲಿಲ್ಲ, ತಮ್ಮದನ್ನು ಕೊಟ್ಟರು. ಕೊಟ್ಟಾಗ ತೆಗೆದುಕೊಳ್ಳುತ್ತಿದ್ದೇನೆಂದು ಭ್ರಮಿಸಿದ್ದರು, ಅಷ್ಟೆ.

ಈ ವಿಚಾರವು ಮನಸ್ಸಿನಲ್ಲಿ ನೆಲೆಸಿದರೆ ಕೈಕಾಲುಗಳಿಗೆ ತಮ್ಮ ಕೆಲಸವು ತಾನಾಗಿಯೇ ತಿಳಿಯುವುದು. ಮೊದಲನೆಯದಾಗಿ, ಆರಂಭಿಸಿದ ನಮಸ್ಕಾರವನ್ನು ಪೂರ್ಣಗೊಳಿಸಬೇಕು. ಕೈಗಳು ಇನ್ನೂ ಅರ್ಧಕ್ಕೆ ಏರಿದ್ದರೂ ಅವನ್ನು ಎದೆಯ ಮಟ್ಟಕ್ಕೆ ತಂದು, ಎಂದಿನ ನಮಸ್ಕಾರಕ್ಕೆ ಹಿಡಿಯುವಷ್ಟು ಕಾಲವನ್ನೇ ಕೊಟ್ಟು, ಎಂದಿನ ವೇಗದಲ್ಲಿಯೇ ಇಳಿಸಬೇಕು. ಎರಡನೆಯದಾಗಿ, ಕೈಯಿಳಿಯುತ್ತಿರುವಂತೆಯೇ ಅರ್ಧ ಹೆಜ್ಜೆಯಷ್ಟು ಪಕ್ಕಕ್ಕೆ ಸರಿಯಬೇಕು. ಇದು ಸಂಕೋಚದಿಂದ ಹಿಂಜರಿಯುವುದಲ್ಲ. ಎರಡು ಮುಖಗಳ ನಡುವೆ ನಾವು ನಿಂತಿದ್ದೇವೆ; ಆ ದಾರಿಯನ್ನು ತೆರೆದುಕೊಡುತ್ತಿದ್ದೇವೆ. ಮೂರನೆಯದಾಗಿ, ಹಿಂದಿನವರು ಪರಿಚಿತರಾಗಿದ್ದರೆ ಅವರ ಕಡೆಗೂ ತಿರುಗಿ ಕೈಮುಗಿಯಬೇಕು. ಅಪರಿಚಿತರಾದರೆ ಮುಗುಳುನಗೆಯೊಂದು ಸಾಕು. ಆಮೇಲೆ ಮುಂದಕ್ಕೆ ನಡೆದುಬಿಡಬೇಕು. ಇಷ್ಟಕ್ಕೂ ಎರಡು ಮೂರು ಉಸಿರುಗಳಿಗಿಂತ ಹೆಚ್ಚು ಕಾಲವು ಬೇಕಾಗದು. ಮಾತು ಬೇಕಿಲ್ಲ. ಎದುರಿನವರೂ ಕಂಡು ನಕ್ಕರೆ ಮಾತ್ರ, ‘ಅವರ ನಮಸ್ಕಾರದಲ್ಲಿ ನನಗೂ ಒಂದು ಪಾಲು ಬಂತು’ ಎಂದು ನಗುತ್ತ ಒಂದು ಮಾತನ್ನು ಹೇಳಿ ಮುಗಿಸಬಹುದು.

ಚೇತರಿಕೆಯು ಚೆನ್ನಾಯಿತೋ ಇಲ್ಲವೋ ಎಂಬುದನ್ನು ಅಳೆಯಲು ಒಂದು ಸುಲಭವಾದ ಲಕ್ಷಣವುಂಟು. ನಮ್ಮ ದೆಸೆಯಿಂದ ಉಳಿದ ಇಬ್ಬರಲ್ಲಿ ಯಾರಾದರೂ ಏನನ್ನಾದರೂ ವಿವರಿಸಬೇಕಾಗಿ ಬಂದರೆ ಅದು ಚೆನ್ನಾಗಲಿಲ್ಲ. ಅವರು ತಮ್ಮ ಮಾತನ್ನು ತಡೆಯಿಲ್ಲದೆ ಮುಂದುವರಿಸಿದರೆ ಚೆನ್ನಾಯಿತು.

ಆದರೆ ಈ ಭಾರವೆಲ್ಲವೂ ಪ್ರಮಾದಕ್ಕೆ ಒಳಗಾದವನೊಬ್ಬನ ಮೇಲೆಯೇ ಬೀಳತಕ್ಕದ್ದೆ? ನನಗೆ ಹಾಗೆ ತೋರುವುದಿಲ್ಲ. ಮೇಲಿನ ಪ್ರಸಂಗದ ಶಿರಸ್ತೇದಾರರನ್ನೇ ಮತ್ತೆ ನೋಡಿರಿ. ಮೂವತ್ತು ವರ್ಷಗಳ ಕಾಲ ಆ ಊರಿನ ಬೀದಿಯಲ್ಲಿ ಅವರಿಗೆ ಬರುತ್ತಿದ್ದ ನಮಸ್ಕಾರಗಳಿಗೆ ಲೆಕ್ಕವಿರಲಿಲ್ಲ. ಅವುಗಳಲ್ಲಿ ಕುರ್ಚಿಗೆ ಬಂದದ್ದೆಷ್ಟು, ತಮಗೆ ಬಂದದ್ದೆಷ್ಟು ಎಂಬ ಲೆಕ್ಕವು ನಿವೃತ್ತಿಯಾದ ಮೇಲೆ ಮೆಲ್ಲಮೆಲ್ಲನೆ ತಿಳಿಯುತ್ತದೆ. ಅಂತಹವರಿಗೆ ಹೆಗಲ ಮೇಲಿಂದ ಹಾದುಹೋಗುವ ಒಂದು ನಮಸ್ಕಾರವು ಹಾಸ್ಯದ ಸಂಗತಿಯಾಗಿ ಉಳಿಯುವುದಿಲ್ಲ. ಹಾಗೆಯೇ, ಯಾವ ಕಾಲದಲ್ಲಿಯೂ ಕುರ್ಚಿಯನ್ನೇ ಕಾಣದ ಬಡವನೊಬ್ಬನು, ಇಷ್ಟು ದೊಡ್ಡವರು ತನಗೆ ಕೈಮುಗಿದರೆಂದು ಬೆರಗಿನಿಂದ ಕೈಜೋಡಿಸಿ, ಅದು ತನಗಲ್ಲವೆಂದು ಅರಿತಾಗ ಅವನ ಮುಖವು ಹೇಗಾಗುವುದು! ನಮಸ್ಕಾರಗಳನ್ನು ಕುಲವನ್ನು ನೋಡಿ ಅಳೆದು ಹಂಚಿದ ಸಮಾಜದಲ್ಲಿ ಅವನ ಹಿರಿಯರಿಗೆ ದೊರೆಯದೆ ಹೋದದ್ದು ಒಂದು ಕ್ಷಣ ಅವನ ಕೈಗೆ ಬಂದು ಜಾರಿತು. ಪಕ್ಕಕ್ಕೆ ಸರಿದು ನಗುವ ಲಾಘವವನ್ನು ಅವನಿಂದ ಬಯಸುವುದಕ್ಕೆ ಮೊದಲು, ಎದುರಿಗಿರುವವರು ತಮ್ಮ ಕರ್ತವ್ಯವನ್ನು ನೆನೆಯಬೇಕು.

ಆ ಕರ್ತವ್ಯವು ಕಷ್ಟವಾದುದಲ್ಲ. ತನ್ನ ನಮಸ್ಕಾರವನ್ನು ಮತ್ತೊಬ್ಬರು ಸ್ವೀಕರಿಸಿದರೆಂಬುದು ಕಂಡೊಡನೆ, ಮುಗಿದ ಕೈಗಳನ್ನು ಬಿಡಿಸದೆ ಅವರ ಕಡೆಗೆ ಒಮ್ಮೆ ದೃಷ್ಟಿಯನ್ನು ಇಳಿಸಿ ತಲೆಬಾಗಿದರೆ ಆಯಿತು. ಆಗ ಸಂಪ್ರದಾನವು ಒಂದಿದ್ದದ್ದು ಎರಡಾಯಿತು. ಉದ್ದೇಶವು ಕೊಡುವವನ ಮನಸ್ಸಿನಲ್ಲಿ ಇರುವುದೆಂದು ಹೇಳಿದೆನಷ್ಟೆ. ಅದನ್ನು ವಿಸ್ತರಿಸುವ ಅಧಿಕಾರವೂ ಅವನದೇ. ಹಿಂದಿನವರಿಗೆ ಬರಬೇಕಾದುದರಲ್ಲಿ ಇದರಿಂದ ಎಳ್ಳಷ್ಟೂ ಕಡಮೆಯಾಗುವುದಿಲ್ಲ. ಆದರೆ ಮಾತಿನಲ್ಲಿ ಒಂದು ಎಚ್ಚರವಿರಬೇಕು. ತಹಸೀಲ್ದಾರರಿಗೆ ‘ಬನ್ನಿ’ ಎಂದು ಹೇಳಿ, ಆಮೇಲೆ ಶಿರಸ್ತೇದಾರರ ಕಡೆಗೆ ತಿರುಗಿ ‘ತಾವೂ ಬನ್ನಿ’ ಎಂದರೆ, ಆ ‘ಊ’ ಎಂಬ ಒಂದು ಅಕ್ಷರವು ಮುಳ್ಳಿನಂತೆ ಚುಚ್ಚುವುದು. ತಾನು ನೆನಪಿಗೆ ಬಂದದ್ದು ಎರಡನೆಯವನಾಗಿ ಎಂಬುದನ್ನು ಅದು ಕೇಳುವವನಿಗೆ ಸಾರಿಬಿಡುವುದು. ಇಬ್ಬರನ್ನೂ ನೋಡಿ ಒಮ್ಮೆಗೇ ‘ಬನ್ನಿ, ಬನ್ನಿ’ ಎಂದರೆ ಮುಳ್ಳಿಲ್ಲ. ‘ನನಗೂ ಒಂದು ಪಾಲು ಬಂತು’ ಎಂದು ಶಿರಸ್ತೇದಾರರು ನಗುತ್ತ ಹೇಳುವಾಗಲೂ ಅದೇ ‘ಊ’ ಇದೆಯಲ್ಲವೆ ಎಂದು ಯಾರಾದರೂ ಕೇಳಬಹುದು. ಇದೆ. ತನ್ನ ಬಾಯಿಂದ ಬಂದಾಗ ಅದು ಸರಸ. ಪರರ ಬಾಯಿಂದ ಬಂದಾಗ ವಿರಸ. ಹಿಂದಿರುವವರದೂ ಒಂದು ಕರ್ತವ್ಯವುಂಟು: ಮುಂದಿನವರ ಪೇಚನ್ನು ಕಂಡು ನಗದಿರುವುದು, ಮತ್ತು ಅವರು ತಿರುಗಿ ನೋಡಿದಾಗ ತಾವೇ ಮೊದಲು ಕೈಮುಗಿಯುವುದು. ಪದವಿಯಲ್ಲಿರುವವರಿಗೆ ಇದರಿಂದ ಖರ್ಚಾಗುವುದು ಏನೂ ಇಲ್ಲ. ಮುಂದೊಂದು ದಿನ ಅವರೂ ಆರೇಳು ಹೆಜ್ಜೆ ಮುಂದೆ ನಡೆಯತಕ್ಕವರೇ.

ಕೊನೆಯದಾಗಿ ಈ ವಿಚಾರದ ಎಲ್ಲೆಯನ್ನು ಹೇಳಬೇಕು. ತಪ್ಪಿ ಬಂದುದನ್ನು ಸುಮ್ಮನೆ ಹಾಗೆಯೇ ಬಿಡಬಹುದೆಂಬ ನಿಯಮವು ನಮಸ್ಕಾರಕ್ಕೆ ಮಾತ್ರ ಸಲ್ಲುವುದು. ನಮಸ್ಕಾರವು ಒಬ್ಬರಿಗೆ ಸಂದರೆ ಇನ್ನೊಬ್ಬರಿಗೆ ಉಳಿಯದಂತಹ ಪದಾರ್ಥವಲ್ಲ. ಮದುವೆಯ ಮನೆಯಲ್ಲಿ ಅಂತಹ ಪದಾರ್ಥಗಳೂ ಇವೆ. ಕನ್ಯಾಪಿತೃಗಳ ಕಡೆಯ ಹುಡುಗನೊಬ್ಬನು, ಶಿರಸ್ತೇದಾರರೇ ತಹಸೀಲ್ದಾರರೆಂದು ತಿಳಿದು, ಒಂದೇ ಇದ್ದ ಗಂಧದ ಹಾರವನ್ನು ಅವರ ಕೊರಳಿಗೆ ಹಾಕಲು ಬಂದರೆ, ಅಥವಾ ಮುಂದಿನ ಸಾಲಿನಲ್ಲಿ ಕಾಯ್ದಿರಿಸಿದ ಆಸನಕ್ಕೆ ಕರೆದೊಯ್ದರೆ, ಅಲ್ಲಿ ಮೌನವು ಸೌಜನ್ಯವಲ್ಲ. ಹಾರವು ಒಂದೇ, ಇವರ ಕೊರಳಿಗೆ ಬಿದ್ದರೆ ಅವರ ಕೊರಳಿಗಿಲ್ಲ. ಆಗ ‘ಇದು ಹಿಂದೆ ಬರುತ್ತಿರುವವರಿಗೆ, ಮಗು’ ಎಂದು ಹಾರವು ಕೊರಳನ್ನು ಮುಟ್ಟುವ ಮೊದಲೇ ಹೇಳಿಬಿಡಬೇಕು. ತಡಮಾಡಿದಷ್ಟೂ ಹೇಳುವುದು ಕಷ್ಟವಾಗುವುದು. ಹಾಕಿಸಿಕೊಂಡ ಮೇಲೆ ತೆಗೆದುಕೊಟ್ಟರೆ ಮೂವರಿಗೂ ಮುಜುಗರ.

ಹಂಚಿದರೆ ಕುಂದುವ ವಸ್ತುವಾದರೆ ಬಾಯಿಬಿಟ್ಟು ಹಿಂದಿರುಗಿಸಬೇಕು. ಹಂಚಿದರೂ ಕುಂದದ ವಸ್ತುವಾದರೆ ಕೈಮುಗಿದು ಮುಂದೆ ನಡೆಯಬೇಕು. ಈ ವಿವೇಕವೊಂದಿದ್ದರೆ, ಯಾರು ಯಾರಿಗೆ ಕೈಮುಗಿದರೆಂಬ ಸಂದೇಹದಲ್ಲಿಯೂ ನಾವು ನಿರ್ಭಯರಾಗಿ ಕೈಯೆತ್ತಬಹುದು.